ಅಲ್ಸರ್ ಇದೆ, ಖಾರ ಬಿಡಬೇಕೇ?

ಪ್ರಶ್ನೆ: ಎಂಡೋಸ್ಕೋಪಿ ಮಾಡಿ ಹೊಟ್ಟೆಯಲ್ಲಿ ಹುಣ್ಣು ಇದೆ ಎಂದಿದ್ದಾರೆ. ಖಾರ ತಿಂದೇ ಹೀಗಾಯಿತು ಎಂದು ಮನೆಯವರೆಲ್ಲ ಹೇಳುತ್ತಾರೆ. ಮೂರು ತಿಂಗಳಿಂದ ಗಂಜಿ, ಮೊಸರನ್ನದಲ್ಲಿಯೇ ಇದ್ದೇನೆ. ಇನ್ನು ಜೀವನಪೂರ್ತಿ ಹೀಗೆಯೇ ಇರಬೇಕೇ?

ಬೇಡ. ಖಾರದಿಂದ ಹುಣ್ಣು ಆಗುವುದಿಲ್ಲ, ಖಾರ ಬಿಟ್ಟ ಮಾತ್ರಕ್ಕೆ ಹುಣ್ಣು ಮಾಯುವುದೂ ಇಲ್ಲ. ಇದನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆದರೂ ಮುಂದಿನ ವಾರ ಇದೇ ಪ್ರಶ್ನೆ ಮತ್ತೆ ಬರುತ್ತದೆ. ಹಾಗಾಗಿ ಈ ಸಲ ಬುಡದಿಂದಲೇ ಹೇಳುತ್ತೇನೆ.

ಈ ನಂಬಿಕೆ ಹುಟ್ಟುವುದು ನಮ್ಮ ಕೈಬೆರಳಿನಿಂದ. ಹಸಿಮೆಣಸಿನಕಾಯಿ ಹೆಚ್ಚಿದ ಕೈ ಉರಿಯುತ್ತದೆ, ನಾಲಿಗೆ ಉರಿಯುತ್ತದೆ, ಹಾಗಾದರೆ ಹೊಟ್ಟೆಯ ಒಳಗೂ ಸುಟ್ಟು ಗಾಯವಾಗಿರಲೇಬೇಕು ಎಂದುಕೊಳ್ಳುತ್ತೇವೆ. ಆದರೆ ಉರಿದ ಬೆರಳನ್ನು ಒಮ್ಮೆ ನೋಡಿ. ಅಲ್ಲಿ ಬೊಬ್ಬೆ ಇಲ್ಲ, ಚರ್ಮ ಸುಟ್ಟಿಲ್ಲ. ಮೆಣಸಿನಕಾಯಿಯಲ್ಲಿರುವ ಕ್ಯಾಪ್ಸೈಸಿನ್ ನಮ್ಮ ನರಗಳ ತುದಿಯಲ್ಲಿರುವ ಒಂದು ಗ್ರಾಹಕಕ್ಕೆ ಅಂಟಿಕೊಳ್ಳುತ್ತದೆ. ಸುಮಾರು 43 ಡಿಗ್ರಿಗಿಂತ ಹೆಚ್ಚಿನ ಬಿಸಿ ತಾಗಿದಾಗ ಮಿದುಳಿಗೆ ಸುದ್ದಿ ಕಳಿಸುವುದು ಆ ಗ್ರಾಹಕದ ಕೆಲಸ. ಬಿಸಿ ಇಲ್ಲದಿದ್ದರೂ ಕ್ಯಾಪ್ಸೈಸಿನ್ ಅದೇ ಸುದ್ದಿಯನ್ನು ಕಳಿಸುವಂತೆ ಮಾಡುತ್ತದೆ. ಈ ಗ್ರಾಹಕವನ್ನು ಗುರುತಿಸಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಉರಿ ನಿಜ, ಆದರೆ ಉರಿ ಇದ್ದಲ್ಲಿ ಗಾಯ ಇರಲೇಬೇಕೆಂದಿಲ್ಲ.

ಇದನ್ನು ಹೊಟ್ಟೆಯೊಳಗೇ ಇಳಿದು ನೋಡಿದವರೂ ಇದ್ದಾರೆ. 1988ರಲ್ಲಿ ಅಮೆರಿಕದ ವೈದ್ಯ ಡೇವಿಡ್ ಗ್ರಹಾಂ ಮತ್ತು ಸಂಗಡಿಗರು ಆರೋಗ್ಯವಂತರಿಗೆ ಬೇರೆ ಬೇರೆ ಊಟ ಕೊಟ್ಟು ಎಂಡೋಸ್ಕೋಪಿಯಲ್ಲಿ ಜಠರವನ್ನು ಪರೀಕ್ಷಿಸಿದರು. ಖಾರದ ಊಟದ ನಂತರ ಒಳಪದರ ಹಾಗೆಯೇ ಇತ್ತು. 30 ಗ್ರಾಂ ಅರೆದ ಮೆಣಸಿನಕಾಯಿಯನ್ನು ನೇರವಾಗಿ ಜಠರಕ್ಕೆ ಹಾಕಿದಾಗಲೂ ಕಣ್ಣಿಗೆ ಕಾಣುವ ಹಾನಿ ಆಗಲಿಲ್ಲ. ಹಾನಿ ಕಂಡದ್ದು ಸಪ್ಪೆ ಊಟದ ಜೊತೆ ಆಸ್ಪಿರಿನ್ ನುಂಗಿದವರ ಹೊಟ್ಟೆಯಲ್ಲಿ! ಅದಕ್ಕೂ ಮೊದಲೇ, 1984ರಲ್ಲಿ, ದೆಹಲಿಯ ವೈದ್ಯರು ಸಣ್ಣಕರುಳಿನ ಆರಂಭದಲ್ಲಿ ಹುಣ್ಣಿದ್ದ 50 ಜನರನ್ನು ಎರಡು ಗುಂಪು ಮಾಡಿದ್ದರು. ಎರಡೂ ಗುಂಪಿಗೆ ಔಷಧಿ ಒಂದೇ. ಒಂದು ಗುಂಪಿಗೆ ಮಾತ್ರ ದಿನಕ್ಕೆ 3 ಗ್ರಾಂ ಒಣಮೆಣಸಿನ ಪುಡಿಯನ್ನು ಹೆಚ್ಚುವರಿಯಾಗಿ ಕೊಟ್ಟರು. ನಾಲ್ಕು ವಾರಗಳ ನಂತರ ಎರಡೂ ಕಡೆ ಹುಣ್ಣುಗಳು ಒಂದೇ ಬಗೆಯಲ್ಲಿ ಮಾಯ್ದಿದ್ದವು. ನಮ್ಮದೇ ದೇಶದ ಜನರ ಮೇಲೆ, ನಮ್ಮದೇ ಮೆಣಸಿನಕಾಯಿಯಿಂದ ನಡೆದ ಈ ಪರೀಕ್ಷೆಯ ಫಲ ನಾಲ್ಕು ದಶಕಗಳಾದರೂ ನಮ್ಮ ಅಡುಗೆಮನೆಗೆ ತಲುಪಿಲ್ಲ ಎನ್ನುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಹಾಗಾದರೆ ಹುಣ್ಣು ಯಾವುದರಿಂದ? ಬಹುಪಾಲು ಎರಡು ಕಾರಣಗಳಿಂದ. ಒಂದು, ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಯಾರೂ ನಂಬದಿದ್ದಾಗ 1984ರಲ್ಲಿ ಅದನ್ನು ತಾವೇ ಕುಡಿದು ಜಠರದ ಉರಿಯೂತ ತಂದುಕೊಂಡರು. 2005ರಲ್ಲಿ ಅವರಿಗೂ ರಾಬಿನ್ ವಾರೆನ್ ಅವರಿಗೂ ನೊಬೆಲ್ ಸಂದಿತು. ಎರಡನೆಯದು ಡೈಕ್ಲೋಫೆನಾಕ್, ಐಬುಪ್ರೊಫೇನ್, ಆಸ್ಪಿರಿನ್‌ನಂತಹ ನೋವಿನ ಮಾತ್ರೆಗಳು.

ನನ್ನ ಬಳಿ ಬಂದ ಒಬ್ಬ ಗೃಹಿಣಿಯ ಕಥೆ ಹೇಳುತ್ತೇನೆ. ಐವತ್ತು ದಾಟಿದವರು. ಎಂಟು ತಿಂಗಳಿಂದ ಖಾರ ಮುಟ್ಟಿರಲಿಲ್ಲ, ಬೆಳಿಗ್ಗೆ ರಾಗಿ ಗಂಜಿ, ಮಧ್ಯಾಹ್ನ ಮೊಸರನ್ನ. ಆದರೂ ಹೊಟ್ಟೆನೋವು ಹೋಗಲಿಲ್ಲ. ಸುಸ್ತು ಎಂದು ಪರೀಕ್ಷಿಸಿದರೆ ಹಿಮೋಗ್ಲೋಬಿನ್ 7. ಮಲದ ಬಣ್ಣ ಕೇಳಿದೆ. ಕೆಲವು ದಿನಗಳಿಂದ ಡಾಂಬರಿನಂತೆ ಕಪ್ಪಾಗಿ, ಅಂಟಂಟಾಗಿ ಹೋಗುತ್ತಿದೆ ಎಂದರು. ಕಬ್ಬಿಣಾಂಶದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ಆದರೆ ಅವರು ಅದನ್ನು ತೆಗೆದುಕೊಳ್ಳುತ್ತಿರಲಿಲ್ಲ. ಅದು ಹುಣ್ಣಿನಿಂದ ಸೋರಿದ ರಕ್ತ. ಬೇರೆ ಮಾತ್ರೆ ಏನಾದರೂ ಇದೆಯೇ ಎಂದು ಮೂರನೆಯ ಸಲ ಕೇಳಿದಾಗ ಸೆರಗಿನ ಗಂಟಿನಿಂದ ಮಾತ್ರೆಗಳ ಒಂದು ಸ್ಟ್ರಿಪ್ ಹೊರಬಂತು. ಮೊಣಕಾಲು ನೋವಿಗೆ ಅಂಗಡಿಯಿಂದ ತರಿಸಿಕೊಂಡ ಡೈಕ್ಲೋಫೆನಾಕ್, ದಿನಕ್ಕೆರಡು. ಎಂಡೋಸ್ಕೋಪಿಯಲ್ಲಿ ಜಠರದ ಹುಣ್ಣು ಕಂಡಿತು, ಬ್ಯಾಕ್ಟೀರಿಯಾ ಪರೀಕ್ಷೆಯೂ ಪಾಸಿಟಿವ್. ನೋವಿನ ಮಾತ್ರೆ ನಿಲ್ಲಿಸಿ, 14 ದಿನ ಆಂಟಿಬಯೋಟಿಕ್, ಎರಡು ತಿಂಗಳು ಆಮ್ಲ ತಗ್ಗಿಸುವ ಮಾತ್ರೆ ಕೊಟ್ಟೆವು. ಆಮೇಲೆ ಆಮ್ಲದ ಮಾತ್ರೆಯನ್ನೂ ಎರಡು ವಾರ ನಿಲ್ಲಿಸಿ ಬ್ಯಾಕ್ಟೀರಿಯಾ ಹೋಗಿದೆಯೇ ಎಂದು ಮತ್ತೆ ನೋಡಿದೆವು. ಆ ಮಾತ್ರೆ ನಡೆಯುತ್ತಿರುವಾಗಲೇ ಪರೀಕ್ಷೆ ಮಾಡಿದರೆ ಬ್ಯಾಕ್ಟೀರಿಯಾ ಇದ್ದರೂ ಇಲ್ಲವೆಂದು ಬರಬಹುದು. ಹುಣ್ಣು ಮಾಯಿತು. ಹೃದಯಕ್ಕಾಗಿ ಆಸ್ಪಿರಿನ್ ತೆಗೆದುಕೊಳ್ಳುವವರು ಮಾತ್ರ ಇದನ್ನೋದಿ ತಾವಾಗಿಯೇ ಅದನ್ನು ನಿಲ್ಲಿಸಬಾರದು, ವೈದ್ಯರನ್ನು ಕೇಳಬೇಕು.

ಈಗ ಖಾರದ ನಿಜವಾದ ತೊಂದರೆಗೆ ಬರೋಣ. ಜಠರದಲ್ಲಿ ಉರಿಯೂತವಿದ್ದಾಗ, ಎದೆಯುರಿ ಇರುವವರಲ್ಲಿ, ಅಥವಾ ಹುಣ್ಣಿಲ್ಲದೆಯೂ ಹೊಟ್ಟೆಯ ನರಗಳು ಸೂಕ್ಷ್ಮವಾಗಿರುವವರಲ್ಲಿ ಖಾರ ಉರಿಯನ್ನು ಹೆಚ್ಚಿಸುತ್ತದೆ. ಅಂಥವರು ಖಾರ ತಗ್ಗಿಸುವುದು ನೆಮ್ಮದಿಗಾಗಿ. ಅದು ಚಿಕಿತ್ಸೆಯಲ್ಲ. ಇನ್ನೊಂದು ವಿಷಯ: ದಿನವೂ ಖಾರ ತಿನ್ನುವವರ ನರಗಳು ಅದಕ್ಕೆ ಒಗ್ಗಿರುತ್ತವೆ. ನಿಮ್ಮಂತೆ ಮೂರು ತಿಂಗಳು ಬಿಟ್ಟವರು ಒಂದು ದಿನ ಮನೆಯ ಹಳೆಯ ಸಾರನ್ನೇ ಉಂಡರೆ ಮೊದಲಿಗಿಂತ ಹೆಚ್ಚು ಉರಿಯಬಹುದು. ನೋಡಿ, ಹುಣ್ಣು ಮತ್ತೆ ಕೆರಳಿತು ಎಂದು ಮನೆಯವರು ಹೇಳುವುದು ಆಗಲೇ.

ಆದ್ದರಿಂದ ಮೆಲ್ಲಗೆ ಹಿಂದಿರುಗಿ. ಸಾರಿನ ಪುಡಿಗೆ ಗುಂಟೂರು ಬಿಟ್ಟು ಬ್ಯಾಡಗಿಯನ್ನಷ್ಟೇ ಹುರಿಯಿರಿ. ಬಣ್ಣ ಬರುತ್ತದೆ, ಖಾರ ತೀರ ಕಡಿಮೆ. ಮೊದಲ ವಾರ ಹಳೆಯ ಅಳತೆಯ ಕಾಲು ಭಾಗ, ಸರಿಹೋದರೆ ಮುಂದಿನ ವಾರ ಅರ್ಧ. ಹಸಿಮೆಣಸಿನಕಾಯಿ ಸೀಳಿದಾಗ ಬೀಜ ಉದುರಿಸಿದರೆ ಸಾಲದು. ಬೀಜಗಳು ಅಂಟಿಕೊಂಡಿರುವ ಒಳಗಿನ ಬಿಳಿಯ ದಿಂಡಿನಲ್ಲಿಯೇ ಕ್ಯಾಪ್ಸೈಸಿನ್ ಹೆಚ್ಚು, ಅದನ್ನು ಕೆರೆದು ತೆಗೆಯಿರಿ. ಒಗ್ಗರಣೆಗೆ ಮೆಣಸಿನಕಾಯಿಯನ್ನು ಮುರಿಯದೆ ಇಡಿಯಾಗಿ ಹಾಕಿ. ಮುರಿದರೆ ಖಾರ ಎಣ್ಣೆಗೆ ಇಳಿದು ಇಡೀ ಪಾತ್ರೆಗೆ ಹರಡುತ್ತದೆ. ಇಡೀ ಮನೆಯವರಿಗೆ ಸಪ್ಪೆ ಮಾಡಬೇಕಿಲ್ಲ, ನಿಮ್ಮ ಪಾಲನ್ನು ತೆಗೆದಿಟ್ಟು ಉಳಿದದ್ದಕ್ಕೆ ಖಾರ ಹಾಕಿದರಾಯಿತು. ಖಾರಕ್ಕೆ ಬದಲಾಗಿ ಕಾಳುಮೆಣಸು ತಂಪು ಎಂದು ಹಾಕುವವರಿದ್ದಾರೆ. ಅದರ ಪೈಪೆರಿನ್ ಕೂಡ ಅದೇ ಗ್ರಾಹಕವನ್ನು ಕೆಣಕುತ್ತದೆ. ಮೆಣಸಿನಕಾಯಿ ಬಜ್ಜಿ ತಿಂದು ರಾತ್ರಿಯೆಲ್ಲ ಒದ್ದಾಡಿದವರು ಎಣ್ಣೆಯನ್ನೂ ಅನುಮಾನಿಸಬೇಕು. ಕೊಬ್ಬು ಇದ್ದಷ್ಟೂ ಹೊಟ್ಟೆ ಖಾಲಿಯಾಗುವುದು ನಿಧಾನ.

ಯಾರೂ ಕೇಳದಿದ್ದರೂ ಹಾಲಿನ ಬಗ್ಗೆ ಹೇಳಿಬಿಡುತ್ತೇನೆ. ಖಾರಕ್ಕೆ ನಾಲಿಗೆ ಉರಿದಾಗ ನೀರಿಗಿಂತ ಹಾಲು ಒಳ್ಳೆಯದು ಎನ್ನುವುದು ನಿಜ. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ, ಹಾಲಿನ ಪ್ರೋಟೀನು ಅದನ್ನು ಹಿಡಿದು ತೊಳೆಯುತ್ತದೆ. ಅದೇ ಲೆಕ್ಕದಲ್ಲಿ ಹುಣ್ಣಿಗೂ ಗಂಟೆಗೊಮ್ಮೆ ತಣ್ಣನೆಯ ಹಾಲು ಕುಡಿಯುವ ರೂಢಿ ಬಂದಿದೆ. ಕುಡಿದ ಕೂಡಲೇ ಹಾಯೆನಿಸುತ್ತದೆ, ಆದರೆ ಹಾಲಿನ ಪ್ರೋಟೀನು ಮತ್ತು ಕ್ಯಾಲ್ಸಿಯಂ ಜಠರದಿಂದ ಇನ್ನಷ್ಟು ಆಮ್ಲ ಹೊರಡಿಸುತ್ತವೆ. ಕಳೆದ ಶತಮಾನದಲ್ಲಿ ವೈದ್ಯರೇ ಹುಣ್ಣಿನ ರೋಗಿಗಳಿಗೆ ಗಂಟೆಗಂಟೆಗೂ ಹಾಲು ಕುಡಿಸುತ್ತಿದ್ದರು, ಆ ಪದ್ಧತಿಯನ್ನು ಬಿಟ್ಟು ದಶಕಗಳಾದವು. ಊಟದ ಜೊತೆ ಒಂದು ಲೋಟ ಕುಡಿಯಿರಿ, ಅಡ್ಡಿಯಿಲ್ಲ. ರಾತ್ರಿ ಹಸಿದ ಹೊಟ್ಟೆಯಲ್ಲಿ ಔಷಧಿಯೆಂದು ಕುಡಿಯಬೇಡಿ.