ಮೇನ್ ಬಾರ್ ಯಾವ ಕಡೆ? ಒನ್ ವೇ, ಟೂ ವೇ ಸ್ಲ್ಯಾಬ್ ಅಂದ್ರೆ ಏನು

ಹುಬ್ಬಳ್ಳಿ, ಧಾರವಾಡ ಕಡೆ ಯಾವ ಸೈಟಿಗೆ ಹೋಗಿ ಕೇಳಿದರೂ ಕಬ್ಬಿಣ ಕಟ್ಟುವವರು ಒಂದೇ ಉತ್ತರ ಕೊಡುತ್ತಾರೆ: "ಮೇನ್ ಬಾರ್ ಸಣ್ಣ ಕಡಿಗೆ ರೀ." ಹತ್ತರಲ್ಲಿ ಒಂಬತ್ತು ಮನೆಗೆ ಈ ಮಾತು ಸರಿ ಹೋಗುತ್ತದೆ. ಹತ್ತನೆಯದರಲ್ಲಿ ಮಾತ್ರ ಸ್ಲ್ಯಾಬ್ ಜೋತು ಬೀಳುತ್ತದೆ. ಯಾಕೆ ಅಂತ ತಿಳಿಯಬೇಕಾದರೆ ಒನ್ ವೇ, ಟೂ ವೇ ಅನ್ನುವ ಎರಡು ಪದಗಳನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು.

ಸ್ಲ್ಯಾಬಿನ ಮೇಲೆ ಬಿದ್ದ ಭಾರ ಎಲ್ಲಿಗಾದರೂ ಹೋಗಿ ಇಳಿಯಲೇಬೇಕು. ಗೋಡೆಗೋ ಬೀಮಿಗೋ ಹೋಗುತ್ತದೆ. ಒಂದೇ ದಿಕ್ಕಿನಲ್ಲಿ ಬಾಗಿ, ಎದುರುಬದುರು ಇರುವ ಎರಡು ಆಸರೆಗಳಿಗೆ ಭಾರ ಕೊಟ್ಟರೆ ಅದು ಒನ್ ವೇ ಸ್ಲ್ಯಾಬ್. ಮನೆ ಮುಂದಿನ ಗಟಾರದ ಮೇಲೆ ಹಾಸಿದ ಫರಸಿಯನ್ನು ನೆನಪಿಸಿಕೊಳ್ಳಿ. ಅದು ಈ ದಂಡೆಯಿಂದ ಆ ದಂಡೆಗೆ ಮಾತ್ರ ಬಾಗುತ್ತದೆ. ನಾಲ್ಕೂ ಕಡೆ ಆಸರೆ ಇದ್ದು, ಸ್ಲ್ಯಾಬ್ ಎರಡೂ ದಿಕ್ಕಿಗೆ ತಟ್ಟೆಯ ಹಾಗೆ ಬಾಗಿದರೆ ಟೂ ವೇ.

ಕಾಂಕ್ರೀಟ್ ಒತ್ತಡ ತಡೆಯುತ್ತದೆ, ಎಳೆತ ತಡೆಯುವುದಿಲ್ಲ. ಸ್ಲ್ಯಾಬ್ ಕೆಳಗೆ ಬಾಗಿದಾಗ ತಳದ ಮೈ ಎಳೆತಕ್ಕೆ ಸಿಗುತ್ತದೆ. ಆ ಎಳೆತವನ್ನು ಹೊರುವುದೇ ಮೇನ್ ಬಾರಿನ ಕೆಲಸ. ಅದಕ್ಕೇ ಸ್ಲ್ಯಾಬ್ ಯಾವ ದಿಕ್ಕಿಗೆ ಬಾಗುತ್ತದೋ ಆ ದಿಕ್ಕಿಗೇ ಮೇನ್ ಬಾರ್ ಓಡಬೇಕು. ಒನ್ ವೇ ಸ್ಲ್ಯಾಬಿನಲ್ಲಿ ಅದಕ್ಕೆ ಅಡ್ಡ ಕಟ್ಟುವ ಡಿಸ್ಟ್ರಿಬ್ಯೂಷನ್ ಬಾರ್ ಮೇನ್ ಬಾರನ್ನು ಜಾಗದಲ್ಲಿ ಹಿಡಿಯುತ್ತದೆ. ಕಾಂಕ್ರೀಟ್ ಕುಗ್ಗಿದಾಗ, ಬಿಸಿಲಿಗೆ ಹಿಗ್ಗಿ ತಂಪಿಗೆ ಕುಗ್ಗಿದಾಗ ಬಿರುಕು ಬಿಡದ ಹಾಗೆ ನೋಡಿಕೊಳ್ಳುತ್ತದೆ. ಸ್ಲ್ಯಾಬನ್ನು ಹೊರುವ ಕೆಲಸ ಅದಕ್ಕೆ ಕೊಟ್ಟಿಲ್ಲ.

ಹಾಗಾದರೆ ಸಣ್ಣ ಕಡೆ ಅನ್ನುವ ಮಾತು ಎಲ್ಲಿಂದ ಬಂತು? ನಾಲ್ಕೂ ಕಡೆ ಗೋಡೆ ಇರುವ ಕೋಣೆ ತಗೊಳ್ಳಿ. ಸ್ಲ್ಯಾಬಿನ ನಡುವೆ ಒಂದಕ್ಕೊಂದು ಅಡ್ಡ ಹೋಗುವ ಎರಡು ಪಟ್ಟಿ ಕಲ್ಪಿಸಿಕೊಳ್ಳಿ. ಒಂದು ಗಿಡ್ಡ, ಇನ್ನೊಂದು ಉದ್ದ. ಎರಡೂ ಸೇರುವ ಜಾಗದಲ್ಲಿ ಒಂದೇ ಸ್ಲ್ಯಾಬ್, ಹಾಗಾಗಿ ಎರಡೂ ಅಷ್ಟೇ ಬಾಗಬೇಕು. ಪಟ್ಟಿ ಬಾಗುವ ಪ್ರಮಾಣ ಉದ್ದದ ನಾಲ್ಕನೇ ಘಾತದಷ್ಟು ಏರುತ್ತದೆ. ಅಂದರೆ ಎರಡರಷ್ಟು ಉದ್ದ ಇದ್ದರೆ, ಅದೇ ಭಾರಕ್ಕೆ ಹದಿನಾರರಷ್ಟು ಬಾಗುತ್ತದೆ. ಗಿಡ್ಡ ಪಟ್ಟಿಯಷ್ಟೇ ಬಾಗಬೇಕು ಅಂದರೆ ಉದ್ದದ್ದು ತುಂಬಾ ಕಡಿಮೆ ಭಾರ ಹೊರಬೇಕು. ಹಾಗಾಗಿ ಭಾರ ಗಿಡ್ಡ ಕಡೆಗೇ ಓಡುತ್ತದೆ.

ಚೌಕ ಕೋಣೆಯಲ್ಲಿ ಭಾರ ಅರ್ಧ ಅರ್ಧ. 10 ಅಡಿಗೆ 12 ಅಡಿ ಬೆಡ್‌ರೂಮಿನಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಗಿಡ್ಡ ಕಡೆಗೆ. ಉದ್ದ ಅಗಲದ ಒಂದೂವರೆ ಪಟ್ಟಾದರೆ ಗಿಡ್ಡ ಕಡೆಗೆ ನೂರಕ್ಕೆ 83, ಎರಡು ಪಟ್ಟಾದರೆ 94. ಇದು ಒರಟು ಲೆಕ್ಕ, ಮೂಲೆಗಳ ತಿರುಚು ಇದರಲ್ಲಿ ಬಂದಿಲ್ಲ. ಆದರೂ ಉದ್ದವನ್ನು ಅಗಲದಿಂದ ಭಾಗಿಸಿದಾಗ 2ಕ್ಕಿಂತ ಜಾಸ್ತಿ ಬಂದರೆ ಒನ್ ವೇ ಅಂತ ಯಾಕೆ ಹಿಡಿಯುತ್ತಾರೆ ಅನ್ನುವುದು ಇದರಿಂದ ಗೊತ್ತಾಗುತ್ತದೆ. ಉದ್ದದ ಕಡೆಗೆ ನೂರಕ್ಕೆ ಆರು ಉಳಿದರೆ ಅದನ್ನು ಲೆಕ್ಕಕ್ಕೆ ಹಿಡಿಯುವವರು ಯಾರು? 1.9 ಬಂದ ಕೋಣೆಗೂ 2.1 ಬಂದ ಕೋಣೆಗೂ ಸ್ಲ್ಯಾಬಿನ ನಡವಳಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಏನೂ ಇಲ್ಲ. ಎಲ್ಲೋ ಒಂದು ಕಡೆ ಗೆರೆ ಎಳೆಯಬೇಕಿತ್ತು, ಎಳೆದಿದ್ದಾರೆ.

ಆದರೆ ಈ ಭಾಗಾಕಾರಕ್ಕೆ ಒಂದು ಷರತ್ತು ಇದೆ. ನಾಲ್ಕೂ ಕಡೆ ಆಸರೆ ಇರಬೇಕು. ಎಲ್ಲರೂ ಮರೆಯುವುದು ಇದನ್ನೇ.

ನವನಗರದ ಕಡೆ ಕಟ್ಟುತ್ತಿದ್ದ ಒಂದು ಮನೆಯ ಪೋರ್ಟಿಕೋ ನೋಡಿ. ಕಾರು ನಿಲ್ಲಿಸಲು 3 ಮೀಟರ್ ಅಗಲ, 5 ಮೀಟರ್ ಉದ್ದ. ಹಿಂದೆ ಮನೆಯ ಬೀಮ್. ಮುಂದೆ ಗೇಟಿನ ಹತ್ತಿರ ಎರಡು ಕಂಬ, ಅವುಗಳ ಮೇಲೆ ಇನ್ನೊಂದು ಬೀಮ್. ಎರಡೂ ಬೀಮ್ 3 ಮೀಟರಿನವು. 5 ಮೀಟರ್ ಉದ್ದದ ಎರಡು ಪಕ್ಕಗಳಲ್ಲಿ ಏನೂ ಇಲ್ಲ. ಪಕ್ಕಕ್ಕೆ ಬೀಮ್ ಬಂದರೆ ನೋಡಲು ಚಂದ ಕಾಣುವುದಿಲ್ಲ ಅಂತ ಮಾಲೀಕರು ಬೇಡ ಅಂದಿದ್ದರಂತೆ. ಸೆಂಟ್ರಿಂಗ್ ಆಗಿ ಕಬ್ಬಿಣ ಕಟ್ಟಿ ಮುಗಿದಿತ್ತು. 8 ಎಂಎಂ ಬಾರ್ 200 ಎಂಎಂ ಅಂತರಕ್ಕೆ 3 ಮೀಟರ್ ದಿಕ್ಕಿಗೆ, ಕೆಳಗೆ. ಅದರ ಮೇಲೆ 5 ಮೀಟರ್ ದಿಕ್ಕಿಗೆ 8 ಎಂಎಂ ಬಾರ್, 300 ಎಂಎಂ ಅಂತರಕ್ಕೆ. ಸ್ಲ್ಯಾಬ್ ದಪ್ಪ 125 ಎಂಎಂ. ಕಟ್ಟಿದ್ದು ಬಹಳ ಅಚ್ಚುಕಟ್ಟು. ಬಾರು ಸೆಂಟ್ರಿಂಗಿಗೆ ತಾಗದ ಹಾಗೆ ಕೆಳಗೆ ಇಡುವ ಕವರ್ ಬ್ಲಾಕ್ ಕೂಡ ಸಾಲಾಗಿ ಇದ್ದವು.

ಈಗ ಒಂದು ಮೇನ್ ಬಾರ್ ಹಿಡಿದು ಅದರ ತುದಿಯವರೆಗೆ ಹೋಗಿ. ಈ ತುದಿ ಯಾವುದರ ಮೇಲೆ ಕೂತಿದೆ? ಯಾವುದರ ಮೇಲೂ ಇಲ್ಲ, ಸ್ಲ್ಯಾಬಿನ ಅಂಚಿನಲ್ಲಿ ನಿಂತುಬಿಟ್ಟಿದೆ. ಆ ತುದಿ? ಅದೂ ಹಾಗೇ. ಎರಡೂ ತುದಿಗೆ ಆಸರೆ ಇಲ್ಲದ ಬಾರ್ ಯಾರಿಗೆ ಭಾರ ಕೊಡುತ್ತದೆ? ಸೆಂಟ್ರಿಂಗ್ ಬಿಚ್ಚಿದ ಮೇಲೆ ಈ ಸ್ಲ್ಯಾಬ್ ಬಾಗುವುದು 5 ಮೀಟರ್ ದಿಕ್ಕಿಗೆ ಮಾತ್ರ, ಯಾಕಂದರೆ ಬೀಮ್ ಇರುವುದು ಆ ಎರಡು ತುದಿಯಲ್ಲಿ. ಉದ್ದವನ್ನು ಅಗಲದಿಂದ ಭಾಗಿಸಿದರೆ 1.67 ಬರುತ್ತದೆ, ಪುಸ್ತಕದ ಗೆರೆಯ ಒಳಗೇ ಇದೆ, ಟೂ ವೇ ಅಂತ ಅನಿಸುತ್ತದೆ. ನಿಜಕ್ಕೂ ಅದು ಒನ್ ವೇ, ಅದೂ ಉದ್ದದ ಕಡೆಗೆ.

ಲೆಕ್ಕ ಹಾಕಿದರೆ ತಪ್ಪಿನ ಗಾತ್ರ ಕಾಣುತ್ತದೆ. ಸ್ಲ್ಯಾಬಿನ ಸ್ವಂತ ತೂಕ, ಮೇಲಿನ ಫಿನಿಶಿಂಗ್, ಓಡಾಡುವವರ ಭಾರ ಎಲ್ಲಾ ಸೇರಿ ಚದರ ಮೀಟರಿಗೆ ಸುಮಾರು 5.6 ಕಿಲೋನ್ಯೂಟನ್, ಅಂದರೆ 570 ಕೆಜಿ ಹತ್ತಿರ. ಸುರಕ್ಷತೆಗೆ ಒಂದೂವರೆ ಪಟ್ಟು ಮಾಡಿದರೆ 8.4. ಎರಡು ಬೀಮಿನ ಮೇಲೆ ಸುಮ್ನೆ ಕೂತ ಸ್ಲ್ಯಾಬಿನ ನಡುವಿನ ಬಾಗು ಬಲ ಹೀಗೆ. ಇಲ್ಲಿ w ಅಂದರೆ ಆ ಭಾರ, l ಅಂದರೆ ಆಸರೆಯಿಂದ ಆಸರೆಗೆ ಇರುವ ದೂರ, ಅದಕ್ಕೇ ಸ್ಪ್ಯಾನ್ ಅನ್ನುತ್ತಾರೆ:

```
M = w × l² / 8
l = 3 m :  8.4 × 9  / 8 =  9.45 kNm
l = 5 m :  8.4 × 25 / 8 = 26.25 kNm
```

9.45 ಆಗಿದ್ದರೆ ಮೀಟರ್ ಅಗಲಕ್ಕೆ ಸುಮಾರು 230 ಚದರ ಎಂಎಂ ಕಬ್ಬಿಣ ಸಾಕು. 200ಕ್ಕೊಂದು 8 ಎಂಎಂ ಬಾರ್ ಅಂದರೆ 251, ಸರಿ ಹೋಗುತ್ತಿತ್ತು. ಆದರೆ ನಿಜವಾದ ಬಲ 26.25. ಅದಕ್ಕೆ ಎಂ20 ದರ್ಜೆಯ ಕಾಂಕ್ರೀಟ್, ಎಫ್‌ಇ 500 ದರ್ಜೆಯ ಬಾರಿನಲ್ಲಿ 730 ಚದರ ಎಂಎಂ ಹತ್ತಿರ ಬೇಕು. ಆ ದಿಕ್ಕಿಗೆ ಇದ್ದದ್ದು 300ಕ್ಕೊಂದು ಬಾರ್, ಅಂದರೆ 168. ಬೇಕಾದ್ದರಲ್ಲಿ ಕಾಲು ಭಾಗವೂ ಇಲ್ಲ. ಅದೂ ಮೇಲಿನ ಸಾಲಿನಲ್ಲಿ ಇರುವುದರಿಂದ ಅದರ ಬಲ ಇನ್ನೂ ಸ್ವಲ್ಪ ಕಡಿಮೆ.

ಕಬ್ಬಿಣ ಜಾಸ್ತಿ ಹಾಕಿ ತಪ್ಪಿಸಿಕೊಳ್ಳೋಣ ಅಂದರೆ ಅದೂ ಆಗುವುದಿಲ್ಲ. 5 ಮೀಟರ್ ಉದ್ದಕ್ಕೆ 125 ಎಂಎಂ ಸ್ಲ್ಯಾಬ್ ತೀರಾ ತೆಳು. ಬಾರಿನ ಮಟ್ಟದವರೆಗಿನ ಆಳ ಸುಮಾರು 100 ಎಂಎಂ, ಸ್ಪ್ಯಾನ್ ಅದರ 50 ಪಟ್ಟು ಹತ್ತಿರ. ಹೀಗೆ ಎರಡೇ ಆಸರೆಯ ಸ್ಲ್ಯಾಬಿಗೆ ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456 ಮೊದಲು ಹೇಳುವುದು 20 ಪಟ್ಟು. ಕಬ್ಬಿಣದ ಪ್ರಮಾಣ ನೋಡಿ ಕೊಡುವ ಸಡಿಲಿಕೆ ಸೇರಿಸಿದರೂ 25ರ ಆಸುಪಾಸು. ಅಂದರೆ ಸ್ಲ್ಯಾಬ್ 200 ಎಂಎಂ ಮೀರಬೇಕು. ಅಷ್ಟು ದಪ್ಪ ಮಾಡುವ ಬದಲು ಪಕ್ಕಕ್ಕೆ ಎರಡು ಬೀಮ್ ಕೊಡುವುದೇ ಲೇಸು ಅನ್ನುವುದು ನನ್ನ ಅಭಿಪ್ರಾಯ.

ಪಕ್ಕದಲ್ಲಿ 5 ಮೀಟರಿನ ಎರಡು ಬೀಮ್ ಬಂದರೆ ಕಥೆಯೇ ಬದಲಾಗುತ್ತದೆ. ನಾಲ್ಕೂ ಕಡೆ ಆಸರೆ ಆಯಿತು. ಈಗ 1.67 ಅನ್ನುವ ಭಾಗಾಕಾರಕ್ಕೆ ಅರ್ಥ ಬಂತು, ಸ್ಲ್ಯಾಬ್ ನಿಜಕ್ಕೂ ಟೂ ವೇ ಆಯಿತು. ಐಎಸ್ 456ರ ಕೋಷ್ಟಕದಿಂದ ಗುಣಾಂಕ ತೆಗೆದರೆ ಗಿಡ್ಡ ಕಡೆಗೆ ಸುಮಾರು 8.3, ಉದ್ದದ ಕಡೆಗೆ 3 ಕಿಲೋನ್ಯೂಟನ್ ಮೀಟರ್. 125 ಎಂಎಂ ದಪ್ಪವೇ ಸಾಕು. ಕೊನೆಗೆ ಅಲ್ಲಿ ಹಾಗೇ ಮಾಡಿದರು. ಆವತ್ತು ಕಟ್ಟಿದ್ದ 3 ಮೀಟರ್ ದಿಕ್ಕಿನ ಬಾರುಗಳು ಹಾಗೇ ಉಳಿದವು. ಉದ್ದದ ಬಾರನ್ನು ಮಾತ್ರ 300ರಿಂದ 250 ಅಂತರಕ್ಕೆ ತಂದರು. ಯಾಕಂದರೆ ಟೂ ವೇ ಸ್ಲ್ಯಾಬಿನಲ್ಲಿ ಎರಡೂ ದಿಕ್ಕಿನವು ಮೇನ್ ಬಾರೇ. ಮೇನ್ ಬಾರಿನ ಅಂತರ ಆಳದ ಮೂರು ಪಟ್ಟು ಅಥವಾ 300 ಎಂಎಂ, ಎರಡರಲ್ಲಿ ಕಡಿಮೆ ಇರುವುದನ್ನು ಮೀರಬಾರದು. ಮೇಲಿನ ಸಾಲಿನ ಆಳ 93 ಎಂಎಂ, ಮೂರು ಪಟ್ಟು 279.

ಚಂದದ ಮಾತಿಗೆ ಬಂದರೆ, ಪಕ್ಕದ ಬೀಮನ್ನು ಸ್ಲ್ಯಾಬಿನ ಮೇಲಕ್ಕೆ ಎಬ್ಬಿಸಬಹುದು. ಕೆಳಗಿನಿಂದ ಸಪಾಟಾಗಿ ಕಾಣುತ್ತದೆ. ಆಗ ಸ್ಲ್ಯಾಬಿನ ಬಾರು ಬೀಮಿನ ತಳದ ಬಾರುಗಳ ಮೇಲೆ ಹಾದು ಹೋಗಬೇಕು, ಮತ್ತೆ ಮಳೆ ನೀರು ಹೋಗಲು ಪೈಪ್ ಬಿಡುವುದನ್ನು ಮರೆಯಬಾರದು.

ಎರಡು ಸಾಲುಗಳಲ್ಲಿ ಯಾವುದು ಕೆಳಗೆ ಅನ್ನುವುದಕ್ಕೂ ಇದೇ ತರ್ಕ. ಜಾಸ್ತಿ ಬಾಗು ಬಲ ಇರುವ ದಿಕ್ಕಿನ ಬಾರು ಕೆಳಗೆ, ಕವರ್ ಬ್ಲಾಕಿನ ಮೇಲೆ. ನಾಲ್ಕೂ ಕಡೆ ಆಸರೆ ಇದ್ದರೆ ಗಿಡ್ಡ ಕಡೆಯದು. ಎರಡೇ ಕಡೆ ಇದ್ದರೆ ಆಸರೆಯಿಂದ ಆಸರೆಗೆ ಓಡುವುದು. ಬಾಲ್ಕನಿ, ಸಜ್ಜಾ ಮಾತ್ರ ಇದಕ್ಕೆ ತಿರುವುಮುರುವು: ಒಂದೇ ಕಡೆ ಆಸರೆ, ಎಳೆತ ಮೇಲಿನ ಮೈಗೆ, ಹಾಗಾಗಿ ಮೇನ್ ಬಾರು ಮೇಲೆ ಇರಬೇಕು, ಒಳಗಿನ ಸ್ಲ್ಯಾಬಿಗೋ ಬೀಮಿಗೋ ಚೆನ್ನಾಗಿ ಹೊಕ್ಕಿರಬೇಕು. ಕಾಂಕ್ರೀಟ್ ಹಾಕುವವರು ತುಳಿದು ಅದನ್ನು ಕೆಳಗೆ ಕೂರಿಸಿದರೆ ಕಟ್ಟಿದ್ದೂ ಒಂದೇ, ಕಟ್ಟದಿದ್ದದ್ದೂ ಒಂದೇ. ಮೇಲಿನ ಬಾರನ್ನು ಎತ್ತಿ ಹಿಡಿಯುವ ಚೇರ್ ಇಡುವುದು ಇದಕ್ಕೇ.

ಕಾಂಕ್ರೀಟ್ ಬಿದ್ದು ವರ್ಷಗಳಾದ ಸ್ಲ್ಯಾಬಿನಲ್ಲಿ ದಿಕ್ಕು ತಿಳಿಯುವುದು ಹೇಗೆ? ಮೊದಲು ಆಸರೆಗಳನ್ನು ನೋಡಿ, ಆಮೇಲೆ ತಳದ ಬಿರುಕು ನೋಡಿ. ಬಾಗುವುದರಿಂದ ಬರುವ ಬಿರುಕು ಸ್ಲ್ಯಾಬ್ ಬಾಗುವ ದಿಕ್ಕಿಗೆ ಅಡ್ಡ ಇರುತ್ತದೆ. ಒನ್ ವೇ ಸ್ಲ್ಯಾಬಿನಲ್ಲಿ ಅದು ನಡು ಭಾಗದಲ್ಲಿ, ಎರಡು ಆಸರೆಗಳಿಗೆ ಸಮಾನಾಂತರವಾಗಿ ಓಡುತ್ತದೆ. ಟೂ ವೇನಲ್ಲಿ ಮೂಲೆಗಳಿಂದ ಓರೆಯಾಗಿ ಹೊರಟು, ಲಕೋಟೆಯ ಹಿಂಬದಿಯ ಆಕಾರ ಮೂಡುತ್ತದೆ. ಆ ಪೋರ್ಟಿಕೋವನ್ನು ಹಾಗೇ ಬಿಟ್ಟಿದ್ದರೆ 5 ಮೀಟರಿನ ನಡುವೆ, 3 ಮೀಟರ್ ಅಗಲಕ್ಕೆ ಅಡ್ಡಡ್ಡ ಬಿರುಕು ಬರುತ್ತಿತ್ತು, ತಪ್ಪಾಗಿ ಕಟ್ಟಿದ ಮೇನ್ ಬಾರಿನ ಜೊತೆಜೊತೆಗೇ. ಮಳೆ ನಿಂತ ಮೇಲೆ ನಡುವೆ ನೀರು ನಿಲ್ಲುವುದೂ ಜೋತು ಬಿದ್ದಿದ್ದಕ್ಕೆ ಗುರುತು. ನಮ್ಮ ಎರಿ ನೆಲದಲ್ಲಿ ಪಾಯ ಕದಲಿ ಗೋಡೆಯಲ್ಲಿ ಬರುವ ಓರೆ ಬಿರುಕನ್ನು ಇದರ ಜೊತೆ ಸೇರಿಸಬೇಡಿ. ಅದರ ಕಾರಣವೇ ಬೇರೆ, ರಿಪೇರಿಯೂ ಬೇರೆ.

ಬಿರುಕು ಇಲ್ಲದಿದ್ದರೆ ರೀಬಾರ್ ಲೊಕೇಟರ್ ತರಿಸಿ ತಳದಲ್ಲಿ ಆಡಿಸಿದರೆ ಬಾರಿನ ದಿಕ್ಕು, ಅಂತರ ಗೊತ್ತಾಗುತ್ತದೆ. ಯಾವ ಸಾಲು ಹೊರ ಮೈಗೆ ಹತ್ತಿರ ಇದೆ ಅನ್ನುವುದನ್ನು ಕವರ್, ಅಂದರೆ ಬಾರಿನ ಹೊರಗಿರುವ ಕಾಂಕ್ರೀಟಿನ ದಪ್ಪ, ಓದಿ ಹೇಳಬಹುದು. ಹೊಸ ಕೆಲಸದಲ್ಲಿ ಇಷ್ಟೆಲ್ಲಾ ಬೇಕಿಲ್ಲ. ಕಾಂಕ್ರೀಟಿನ ಹಿಂದಿನ ದಿನ ಸೆಂಟ್ರಿಂಗ್ ಮೇಲೆ ಹತ್ತಿ, ಪ್ರತಿ ಸ್ಲ್ಯಾಬಿನಲ್ಲೂ ಕೆಳಸಾಲಿನ ಒಂದು ಬಾರಿನ ಎರಡೂ ತುದಿ ಯಾವ ಗೋಡೆ, ಯಾವ ಬೀಮಿನ ಮೇಲೆ ಕೂತಿವೆ ಅಂತ ನೋಡಿ. ತಪ್ಪಿದ್ದರೆ ಬೈಂಡಿಂಗ್ ವೈರ್ ಬಿಚ್ಚಿ ತಿರುಗಿ ಕಟ್ಟಲು ಆಗ ಇನ್ನೂ ಸಮಯ ಇರುತ್ತದೆ.