ಅಂಕಿಗಳ ನಡುವೆ ಅಕ್ಷರ: ಹಳೆಯ ಜಮೀನು ಪಟ್ಟಿಗಳಲ್ಲಿ ಸೊನ್ನೆ, ಒಂದರ ಗೊಂದಲ ಬೆಳೆದು ಬಂದ ಬಗೆ

ಬಾಗಲಕೋಟೆ ಜಿಲ್ಲೆಯಲ್ಲಿ ಜಮೀನಿನ ಹಳೆಯ ಕಾಗದಗಳಿಗೆ ಇರುವಷ್ಟು ಬೇಡಿಕೆ ಬೇರೆ ಕಡೆ ಕಾಣುವುದು ಅಪರೂಪ. 1964ರಲ್ಲಿ ಆಲಮಟ್ಟಿಯಲ್ಲಿ ಅಡಿಗಲ್ಲು ಬಿದ್ದ ಮೇಲೆ ಕೃಷ್ಣಾ ಮತ್ತು ಘಟಪ್ರಭಾ ದಂಡೆಯ ಹಳ್ಳಿಗಳ ಹೊಲಗಳು ಸ್ವಾಧೀನವಾದವು, ಹಳೆಯ ಬಾಗಲಕೋಟೆಯ ತಗ್ಗು ಭಾಗ ಹಿನ್ನೀರಿಗೆ ಹೋಯಿತು, ನವನಗರ ಎದ್ದಿತು. ಈಗ ಜಲಾಶಯದ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸುವ ಮಾತು ನಡೆದಿರುವುದರಿಂದ ಯಾವ ಸರ್ವೆ ನಂಬರಿನಲ್ಲಿ ಎಷ್ಟು ಎಕರೆ, ಎಷ್ಟು ಗುಂಟೆ ಹೋಯಿತು, ಎಷ್ಟು ಉಳಿಯಿತು ಎಂಬ ಲೆಕ್ಕವನ್ನು ಮತ್ತೆ ತೆಗೆದು ನೋಡುವವರು ಅನೇಕರಿದ್ದಾರೆ. ಹಳೆಯ ಪಟ್ಟಿಯನ್ನು ಸ್ಕ್ಯಾನ್ ಮಾಡಿ, ಚಿತ್ರದಲ್ಲಿರುವ ಅಕ್ಷರಗಳನ್ನು ಗುರುತಿಸುವ ತಂತ್ರಾಂಶಕ್ಕೆ ಕೊಟ್ಟು, ಬಂದದ್ದನ್ನು ಎಕ್ಸೆಲ್ಲಿಗೆ ಹಾಕಿದಾಗ ಮೊತ್ತ ತಾಳೆಯಾಗುವುದಿಲ್ಲ. ನೋಡಿದರೆ 10 ಇರಬೇಕಾದಲ್ಲಿ 1O ಇರುತ್ತದೆ, 31 ಇರಬೇಕಾದಲ್ಲಿ 3l ಇರುತ್ತದೆ.

ಇದು ತಂತ್ರಾಂಶದ ಕಣ್ಣಿನ ದೋಷ ಎಂದು ಸಾಮಾನ್ಯವಾಗಿ ತಿಳಿಯಲಾಗುತ್ತದೆ. ಗೊಂದಲದ ಬೇರು ಅದಕ್ಕಿಂತ ಹಿಂದಿನದು. ಹಳೆಯ ಇಂಗ್ಲಿಷ್ ಟೈಪ್‌ರೈಟರುಗಳಲ್ಲಿ ಅನೇಕವಕ್ಕೆ 1 ಎಂಬ ಕೀಲಿಯೇ ಇರಲಿಲ್ಲ. ಅಂಕಿಗಳ ಸಾಲು 2ರಿಂದ ಶುರುವಾಗುತ್ತಿತ್ತು, ಒಂದಕ್ಕೆ ಸಣ್ಣ l ಒತ್ತಬೇಕೆಂದು ಟೈಪಿಂಗ್ ಕಲಿಸುವಾಗಲೇ ಹೇಳಿಕೊಡುತ್ತಿದ್ದರು. ಕೆಲವು ಯಂತ್ರಗಳಲ್ಲಿ ಸೊನ್ನೆಯೂ ಇರದೆ ದೊಡ್ಡ O ಅಕ್ಷರವೇ ಅದರ ಕೆಲಸ ಮಾಡುತ್ತಿತ್ತು. ಓದುವವರು ಮನುಷ್ಯರೇ ಆಗಿದ್ದ ಕಾಲದಲ್ಲಿ ಇದರಿಂದ ಯಾರಿಗೂ ತೊಡಕಾಗಲಿಲ್ಲ. ಅಂದರೆ ಅಂಥ ಹಾಳೆಯಲ್ಲಿ ತಂತ್ರಾಂಶವು l ಎಂದು ಓದಿದರೆ ಅದು ತಪ್ಪು ಓದಿದಂತಲ್ಲ, ಕಾಗದದ ಮೇಲೆ ಮಸಿಯಲ್ಲಿ ಮೂಡಿರುವುದು l ಅಕ್ಷರವೇ. ಹಾಳೆಯ ಮೇಲ್ಭಾಗದ ತಾರೀಖನ್ನು ನೋಡಿದರೆ ಇದು ಗೊತ್ತಾಗುತ್ತದೆ: ಇಸವಿಯ ಮೊದಲ ಅಂಕಿಯೂ ಅದೇ ಹಾಳೆಯ village ಎಂಬ ಪದದಲ್ಲಿನ l ಕೂಡ ಒಂದೇ ಎತ್ತರ, ಒಂದೇ ಆಕಾರದಲ್ಲಿದ್ದರೆ ಬೆರಳಚ್ಚುಗಾರರು ಒಂದೇ ಕೀಲಿಯನ್ನು ಬಳಸಿದ್ದಾರೆ ಎಂದೇ ಅರ್ಥ.

ಯಂತ್ರಗಳು ಓದಲು ತೊಡಗಿದ ಮೇಲೆ ಲೋಕವು ಮುಂದಿನ ಬರವಣಿಗೆಯನ್ನು ತಿದ್ದಿಕೊಂಡಿತು. 1968ರಲ್ಲಿ ಯಂತ್ರದ ಓದಿಗೆಂದೇ OCR-A ಮತ್ತು OCR-B ಎಂಬ ಅಕ್ಷರ ವಿನ್ಯಾಸಗಳು ಬಂದವು. ಕಂಪ್ಯೂಟರಿನವರು ಸೊನ್ನೆಗೆ ಅಡ್ಡಗೆರೆ ಎಳೆಯುವ ರೂಢಿ ಮಾಡಿಕೊಂಡರು, ವಾಹನಗಳ 17 ಅಕ್ಷರದ ಗುರುತಿನ ಸಂಖ್ಯೆಯಿಂದ I, O, Q ಮೂರನ್ನೂ ಕೈಬಿಡಲಾಯಿತು. ನಮ್ಮ ಬ್ಯಾಂಕುಗಳ ಐಎಫ್ಎಸ್‌ಸಿ ಕೋಡಿನಲ್ಲಿ ಐದನೆಯ ಸ್ಥಾನ ಯಾವಾಗಲೂ ಸೊನ್ನೆ ಎಂದು ನಿಗದಿಯಾಗಿರುವುದರಿಂದ ಅಲ್ಲಿ ಯಾರಾದರೂ O ಬರೆದರೂ ತಿದ್ದುವುದು ಸುಲಭ. ಈ ಏರ್ಪಾಡುಗಳೆಲ್ಲ ಹೊಸ ದಾಖಲೆಗಳಿಗೆ ನೆರವಾದವು. ಟೈಪಾಗಿ ಕಟ್ಟುಗಳಲ್ಲಿ ಸೇರಿಹೋಗಿದ್ದ ಹಾಳೆಗಳಿಗೆ ಇದರಿಂದ ಏನೂ ಆಗಲಿಲ್ಲ.

ಆ ಹಾಳೆಗಳ ಸರದಿ ಬಂದದ್ದು ಉಚಿತ ತಂತ್ರಾಂಶ ಕೈಗೆ ಸಿಕ್ಕ ಮೇಲೆ. ಎಚ್‌ಪಿ ಸಂಸ್ಥೆಯಲ್ಲಿ 1980ರ ದಶಕದಲ್ಲಿ ಹುಟ್ಟಿದ ಟೆಸೆರಾಕ್ಟ್ 2005ರಲ್ಲಿ ಎಲ್ಲರಿಗೂ ಮುಕ್ತವಾಯಿತು. 2018ರಲ್ಲಿ ಬಂದ ಅದರ ನಾಲ್ಕನೆಯ ಆವೃತ್ತಿಯು ಅಕ್ಷರವನ್ನು ಬಿಡಿಬಿಡಿಯಾಗಿ ನೋಡುವುದನ್ನು ಬಿಟ್ಟು ಇಡೀ ಸಾಲನ್ನು ಒಟ್ಟಾಗಿ ಓದತೊಡಗಿತು. ವಾಕ್ಯಗಳಿಗೆ ಇದರಿಂದ ಬಹಳ ಲಾಭವಾಯಿತು, ಏಕೆಂದರೆ ಅಕ್ಕಪಕ್ಕದ ಅಕ್ಷರಗಳು ಸಂಶಯದ ಅಕ್ಷರಕ್ಕೆ ಸಾಕ್ಷಿ ಹೇಳುತ್ತವೆ. ಅಂಕಿಗಳ ಕಾಲಮಿನಲ್ಲಿ ಆ ಸಾಕ್ಷಿ ದುರ್ಬಲ: 4ರ ಮುಂದೆ 1 ಬರಬಹುದು, 7 ಬರಬಹುದು, ಯಾವುದು ಬಂದರೂ ಅದೊಂದು ಸಂಖ್ಯೆಯೇ.

ಆಗ ಎರಡು ಪರಿಹಾರಗಳು ಬಳಕೆಗೆ ಬಂದವು. ಒಂದು, ಅಂಕಿಗಳ ಕಾಲಮನ್ನಷ್ಟೇ ಚಿತ್ರದಿಂದ ಕತ್ತರಿಸಿಕೊಂಡು, ಅಂಕಿ ಬಿಟ್ಟು ಬೇರೇನನ್ನೂ ಬರೆಯಬೇಡವೆಂದು ತಂತ್ರಾಂಶಕ್ಕೆ ಅಪ್ಪಣೆ ಕೊಡುವುದು. 4.0 ಆವೃತ್ತಿಯ ಹೊಸ ಓದುವ ಕ್ರಮದಲ್ಲಿ ಈ ಅಪ್ಪಣೆ ನಡೆಯುತ್ತಿರಲಿಲ್ಲ, 4.1ರಲ್ಲಿ ಮರಳಿ ಬಂದಿತು:

```
tesseract column.png out --psm 6 -c tessedit_char_whitelist=0123456789-
```

ಎರಡನೆಯದು, ಬಂದದ್ದನ್ನು ಎಕ್ಸೆಲ್ಲಿಗೆ ಹಾಕಿ O ಇದ್ದಲ್ಲೆಲ್ಲ 0, l ಇದ್ದಲ್ಲೆಲ್ಲ 1 ಎಂದು ಒಮ್ಮೆಲೇ ಬದಲಿಸುವುದು. ಎರಡೂ ಉಪಯುಕ್ತವೇ. ಆದರೆ ಎರಡರಲ್ಲಿಯೂ ಒಂದು ಅಪಾಯವಿದೆ, ಅದಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಅಂಕಿಯ ನಡುವೆ ಕುಳಿತ ಅಕ್ಷರವು ತಾನಾಗಿ ಕಣ್ಣಿಗೆ ಬೀಳುವ ತಪ್ಪು. ಅದನ್ನು ನೋಡದೆ ಅಂಕಿಯಾಗಿಸಿದರೆ ತಪ್ಪು ಹೋಗದೆ ಉಳಿದು, ಸುಳಿವು ಮಾತ್ರ ಅಳಿಸಿಹೋಗಬಹುದು.

ಇಂಥ ಪಟ್ಟಿಗಳು ಹೇಗಿರುತ್ತವೆ ಎಂಬುದನ್ನು ತೋರಿಸಲು ಐದು ಸಾಲಿನ ಒಂದು ಮಾದರಿಯನ್ನು ತೆಗೆದುಕೊಳ್ಳೋಣ. ಎಡಕ್ಕೆ ಎಕರೆ, ಬಲಕ್ಕೆ ಗುಂಟೆ, ಕೊನೆಯಲ್ಲಿ ಪಟ್ಟಿಯಲ್ಲೇ ಟೈಪಾಗಿರುವ ಮೊತ್ತ. ತಂತ್ರಾಂಶ ಓದಿದ್ದು ಹೀಗಿದೆ:

```
4-lO
ll-O5
2-3l
1O-20
l3-08
3l-34
```

ಎಕ್ಸೆಲ್ಲಿಗೆ ಹಾಕುವ ಮುಂಚೆ ಆ ಕಾಲಮನ್ನು ಟೆಕ್ಸ್ಟ್ ಎಂದು ಗೊತ್ತುಮಾಡಬೇಕು. ಇಲ್ಲದಿದ್ದರೆ 4-10ರಂಥ ಸರಿಯಾದ ಸಂಖ್ಯೆಗಳನ್ನು ಅದು ತಾರೀಖು ಎಂದು ತಿಳಿದು ಬದಲಿಸಿಬಿಡುತ್ತದೆ, ವಿಚಿತ್ರವೆಂದರೆ 4-lO ಮಾತ್ರ ಹಾಗೆಯೇ ಉಳಿಯುತ್ತದೆ. ಎಕರೆ ಮತ್ತು ಗುಂಟೆಯನ್ನು ಬೇರೆ ಬೇರೆ ಕಾಲಮಿಗೆ ಒಡೆದ ಮೇಲೆ ನೇರವಾಗಿ SUM ಹಾಕಬಾರದು. ಅಕ್ಷರವಾಗಿ ಉಳಿದ ಕೋಶವನ್ನು SUM ಲೆಕ್ಕಕ್ಕೆ ಹಿಡಿಯದೆ ದಾಟಿ ಹೋಗುತ್ತದೆ, ದಾಟಿದೆನೆಂದು ಎಲ್ಲಿಯೂ ಹೇಳುವುದಿಲ್ಲ. ಅನೇಕ ಪಟ್ಟಿಗಳಲ್ಲಿ ಜಮೀನು ಕಡಿಮೆ ಬರುವುದಕ್ಕೆ ಇದೇ ಕಾರಣ. ತಿದ್ದಿದ ಬೆಲೆಯನ್ನು ಮೂಲದ ಮೇಲೆ ಬರೆಯದೆ ಪಕ್ಕದ ಹೊಸ ಕಾಲಮಿನಲ್ಲಿ ತರಬೇಕು:

```
=VALUE(SUBSTITUTE(SUBSTITUTE(SUBSTITUTE(UPPER(B2),"O","0"),"L","1"),"I","1"))
```

ಈ ಸೂತ್ರದಿಂದ ಐದೂ ಸಾಲುಗಳು 4-10, 11-05, 2-31, 10-20, 13-08 ಎಂದಾಗುತ್ತವೆ. ಒಂದೂ ಅಕ್ಷರ ಉಳಿದಿಲ್ಲ, ಯಾವ ಕೋಶವೂ ದೋಷ ತೋರಿಸುವುದಿಲ್ಲ, ಯಾವ ಗುಂಟೆಯೂ 39ನ್ನು ಮೀರಿಲ್ಲ. ಎಕರೆಗೆ 40 ಗುಂಟೆಯಾದ್ದರಿಂದ ಎಲ್ಲವನ್ನೂ ಗುಂಟೆಗೆ ತಂದು ಕೂಡಿಸಿದರೆ, 40 ಎಕರೆ ಮತ್ತು 74 ಗುಂಟೆ, ಒಟ್ಟು 1,674 ಗುಂಟೆ. ಪಟ್ಟಿಯಲ್ಲಿ ಟೈಪಾದ ಮೊತ್ತವನ್ನು ಇದೇ ರೀತಿ ತಿದ್ದಿದರೆ 31 ಎಕರೆ 34 ಗುಂಟೆ, ಅಂದರೆ 1,274 ಗುಂಟೆ. ವ್ಯತ್ಯಾಸ 400 ಗುಂಟೆ, ಸರಿಯಾಗಿ 10 ಎಕರೆ.

ವ್ಯತ್ಯಾಸದ ಈ ಗಾತ್ರವೇ ಹುಡುಕುವ ಜಾಗವನ್ನು ಹೇಳಿಕೊಡುತ್ತದೆ. ಗುಂಟೆಯಲ್ಲಿ ತಪ್ಪಿಲ್ಲ, ಎಕರೆಯ ಹತ್ತರ ಸ್ಥಾನದಲ್ಲಿ ಒಂದು 1 ಹೆಚ್ಚಾಗಿ ಸೇರಿದೆ. ತಂತ್ರಾಂಶವು ಆ ಸ್ಥಾನದಲ್ಲಿ l ಎಂದು ಓದಿದ ಸಾಲುಗಳು ಎರಡೇ, ಎರಡನೆಯದು ಮತ್ತು ಐದನೆಯದು. ಮೂಲ ಚಿತ್ರವನ್ನು ದೊಡ್ಡದು ಮಾಡಿ ಆ ಎರಡನ್ನು ನೋಡಿದರೆ ಸಾಕು. ಎರಡನೆಯ ಸಾಲಿನ l ಅಕ್ಷರಕ್ಕೆ ಬುಡದಲ್ಲಿ ಅಡ್ಡಪಟ್ಟಿ, ತಲೆಯಲ್ಲಿ ಎಡಕ್ಕೆ ಚಾಚಿದ ಗೆರೆ ಇವೆ, ಅದು ಬೆರಳಚ್ಚಿನದೇ. ಐದನೆಯ ಸಾಲಿನದಕ್ಕೆ ಬುಡವೂ ಇಲ್ಲ, ತಲೆಯೂ ಇಲ್ಲ, ಮೇಲಿನ ಸಾಲಿನತ್ತ ಮುಂದುವರಿದಿದೆ. ಅದು ಕಾಲಮಿನ ಗೀಟು. ಹಾಳೆ ಸ್ವಲ್ಪ ಓರೆಯಾಗಿ ಸ್ಕ್ಯಾನ್ ಆದುದರಿಂದ ಗೀಟು ಕೊನೆಯ ಸಾಲಿನ ಹತ್ತಿರ ಅಂಕಿಗೆ ತಾಗಿದೆ. ನಿಜವಾದ ಸಂಖ್ಯೆ 3-08, ಮೊತ್ತ ತಾಳೆಯಾಗುತ್ತದೆ.

ಗೀಟಿನ ಈ ತೊಂದರೆಯನ್ನು ಅಂಕಿ ಮಾತ್ರ ಬರೆ ಎಂಬ ಅಪ್ಪಣೆಯೂ ತಡೆಯುವುದಿಲ್ಲ, ಬದಲಿಗೆ ಅಡಗಿಸುತ್ತದೆ. ಅಕ್ಷರದ ದಾರಿ ಮುಚ್ಚಿರುವುದರಿಂದ ತಂತ್ರಾಂಶವು ಗೀಟನ್ನು ನೇರವಾಗಿ 1 ಎಂದೇ ಬರೆದುಕೊಡುತ್ತದೆ, ಆಗ ಹುಡುಕಲು l ಎಂಬ ಗುರುತೂ ಸಿಗುವುದಿಲ್ಲ. ಮೇಲಿನಂತೆಯೇ ಎಂದು ಸೂಚಿಸಲು ಹಳೆಯ ಪಟ್ಟಿಗಳಲ್ಲಿ ಟೈಪ್ ಮಾಡುತ್ತಿದ್ದ do, ಏನೂ ಇಲ್ಲವೆಂದು ಬರೆದ Nil ಕೂಡ ಅಂಕಿಗಳ ವೇಷದಲ್ಲಿ ಬರಬಹುದು, ಇಲ್ಲವೇ ಖಾಲಿಯಾಗಿ ಹೋಗಬಹುದು. ಆದ್ದರಿಂದ ಒಮ್ಮೆ ಎಲ್ಲ ಅಕ್ಷರಗಳಿಗೂ ಅವಕಾಶ ಕೊಟ್ಟು, ಇನ್ನೊಮ್ಮೆ ಅಂಕಿಗಳಿಗಷ್ಟೇ ಅವಕಾಶ ಕೊಟ್ಟು ಓದಿಸಿ, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು, ಬೇರೆಬೇರೆಯಾದ ಸಾಲುಗಳನ್ನಷ್ಟೇ ಕಣ್ಣಿನಿಂದ ನೋಡುವುದು ಹೆಚ್ಚು ಸುರಕ್ಷಿತ. ಸ್ಕ್ಯಾನಿನಲ್ಲಿ ಹಾಳೆಯನ್ನು ನೆಟ್ಟಗೆ ಮಾಡಿ ಗೀಟುಗಳನ್ನು ಮೊದಲೇ ಅಳಿಸಿಕೊಂಡರೆ ಅರ್ಧ ಕೆಲಸ ಅಲ್ಲಿಯೇ ಮುಗಿಯುತ್ತದೆ.

ಕನ್ನಡದಲ್ಲಿ ಬರೆದ ಪಟ್ಟಿಗಳಿಗೆ ಹೋದರೆ ಇದೇ ಕಥೆ ಬೇರೆ ರೂಪದಲ್ಲಿ ಎದುರಾಗುತ್ತದೆ. ಅಲ್ಲಿ ಸೊನ್ನೆಗೆ ಪೈಪೋಟಿ ಕೊಡುವುದು ಅನುಸ್ವಾರ. ೧೦ ಎಂಬುದರ ಸೊನ್ನೆಯೂ ಅಂಕ ಎಂಬುದರ ಬಿಂದುವೂ ಅಚ್ಚಿನಲ್ಲಿ ಒಂದೇ ತೆರನ ವೃತ್ತ, ಆದರೆ ಯೂನಿಕೋಡಿನಲ್ಲಿ ಒಂದು U+0CE6, ಇನ್ನೊಂದು U+0C82. ಅಂಕಿಯ ಕಾಲಮಿನಲ್ಲಿ ಎರಡನೆಯದು ಬಂದರೆ ಅದು ಸಂಖ್ಯೆಯೇ ಅಲ್ಲ, ಮತ್ತು O ಅಕ್ಷರದಂತೆ ಅದು ಎದ್ದು ಕಾಣುವುದೂ ಇಲ್ಲ. ಇಲ್ಲಿ ಕಣ್ಣನ್ನು ನಂಬದೆ ಹುಡುಕುವ ಪೆಟ್ಟಿಗೆಯಲ್ಲಿ ಅನುಸ್ವಾರವನ್ನೇ ಹಾಕಿ ಹುಡುಕಬೇಕು.

ಮೊತ್ತವನ್ನು ತಾಳೆ ನೋಡುವ ಉಪಾಯಕ್ಕೂ ಮಿತಿಗಳಿವೆ. ಒಂದು ಸಾಲಿನಲ್ಲಿ ಗೀಟು 10 ಎಕರೆ ಸೇರಿಸಿ, ಇನ್ನೊಂದು ಸಾಲಿನಲ್ಲಿ ಮಸಿ ಮಾಸಿ ಹತ್ತರ ಸ್ಥಾನದ 1 ಬಿದ್ದುಹೋಗಿದ್ದರೆ ಮೊತ್ತ ಸರಿಬರುತ್ತದೆ, ಇಬ್ಬರ ಹಿಡುವಳಿ ಮಾತ್ರ ಅದಲುಬದಲಾಗಿರುತ್ತದೆ. ಇದನ್ನು ಹಿಡಿಯಲು ಪ್ರತಿ ಸರ್ವೆ ನಂಬರಿನ ಹಿಸ್ಸಾಗಳನ್ನು ಕೂಡಿಸಿ ಆಕಾರಬಂದದಲ್ಲಿರುವ ಆ ನಂಬರಿನ ಪೂರ್ಣ ಕ್ಷೇತ್ರದೊಡನೆ ಹೋಲಿಸಬೇಕು, ಹಿಸ್ಸೆಯ ಉತಾರ ಸಿಕ್ಕರೆ ಅದನ್ನೂ ನೋಡಬೇಕು. ಸ್ವಾಧೀನವಾದ ಕ್ಷೇತ್ರವು ಪೂರ್ಣ ಕ್ಷೇತ್ರಕ್ಕಿಂತ ಕಡಿಮೆ ಇರಬಹುದು, ಹೆಚ್ಚಿರಲಾರದು.

ಸರ್ವೆ ನಂಬರಿನ ಕಾಲಮಿಗಂತೂ ಮೊತ್ತವೇ ಇಲ್ಲ. ಅಲ್ಲಿ ಮೇಲಿನ ಸೂತ್ರವನ್ನು ಹಾಕಲೇಬಾರದು, ಏಕೆಂದರೆ 145/1Aಯಂಥ ಹಿಸ್ಸಾಗಳಲ್ಲಿ ಅಕ್ಷರ ಇರುವುದೇ ಸರಿ. ಓರೆಗೆರೆಯ ಎಡಭಾಗ ಅಂಕಿಯೇ ಆಗಿರಬೇಕೆಂಬ ನಿಯಮವನ್ನು ಮಾತ್ರ ಹಿಡಿದು, ಅಲ್ಲಿನ O ಮತ್ತು l ಅಷ್ಟನ್ನೇ ತಿದ್ದಿ, ಬಲಭಾಗವನ್ನು ಓದಿದಂತೆ ಬಿಡಬೇಕು. ಪಟ್ಟಿಗಳು ಬಹುಪಾಲು ಏರುಕ್ರಮದಲ್ಲಿ ಇರುವುದರಿಂದ 99 ಮತ್ತು 102ರ ನಡುವೆ ಬಂದ 1Ol ಎಂಬುದು 101 ಎಂದು ಧೈರ್ಯವಾಗಿ ಹೇಳಬಹುದು. ಬಲಭಾಗದಲ್ಲಿ ಒಂಟಿಯಾಗಿ ನಿಂತ l ಒಂದನೆಯ ಹಿಸ್ಸೆಯೋ, ಗೀಟೋ ಎಂಬುದನ್ನು ಮಾತ್ರ ಸೂತ್ರ ತೀರ್ಮಾನಿಸಲಾರದು, ಮೂಲ ಹಾಳೆಯನ್ನು ತೆಗೆದು ನೋಡಬೇಕು.