ಹೋಲಿಕೆ ಶೇ 1 ಬಂದಾಗ ನಾವು ಏನು ನೋಡುತ್ತೇವೆ

ಪ್ರಬಂಧಗಳಲ್ಲಿ ನಕಲು ಇದೆಯೇ ಎಂದು ತಪಾಸಣೆ ಮಾಡುವುದು ನನ್ನ ಕೆಲಸ. ಪ್ರಬಂಧದ ಎಷ್ಟು ಭಾಗ ಬೇರೆ ಬರಹಗಳಿಗೆ ಹೊಂದುತ್ತದೆ ಎಂದು ತಪಾಸಣೆಯ ತಂತ್ರಾಂಶ ಶೇಕಡಾ ಲೆಕ್ಕದಲ್ಲಿ ವರದಿ ಕೊಡುತ್ತದೆ. ಅದೇ ಹೋಲಿಕೆ. ಹೋಲಿಕೆ ಶೇ 40 ಬಂದ ವರದಿಗಿಂತ ಶೇ 1 ಬಂದ ವರದಿಯನ್ನೇ ನಾನು ಜಾಸ್ತಿ ಹುಷಾರಾಗಿ ಓದುತ್ತೇನೆ. ಪೂರ್ತಿ ಸ್ವಂತವಾಗಿ ಬರೆದ ಪ್ರಬಂಧದಲ್ಲೂ ಗ್ರಂಥಸೂಚಿ, ಉದ್ಧರಣೆಗಳು, ಆ ವಿಷಯದಲ್ಲಿ ಎಲ್ಲರೂ ಬಳಸುವ ವಾಕ್ಯಗಳು ಒಂದಿಷ್ಟಾದರೂ ಬೇರೆ ಕಡೆಗೆ ಹೊಂದಲೇಬೇಕು. ಪುಸ್ತಕಗಳ ಹೆಸರೇ ಹೊಂದಿಲ್ಲ ಎಂದರೆ ತಂತ್ರಾಂಶಕ್ಕೆ ಆ ಅಕ್ಷರಗಳು ಸರಿಯಾಗಿ ಸಿಕ್ಕಿಲ್ಲ ಎಂಬ ಅನುಮಾನ ಬರುತ್ತದೆ.

ಇಂಥ ಒಂದು ಇಂಗ್ಲಿಷ್ ಪ್ರಬಂಧ ಬಂದಿತ್ತು. 24 ಪುಟ, ಹೋಲಿಕೆ ಶೇ 1. ಕಡತ ತೆರೆದು `research` ಎಂದು ಹುಡುಕಿದೆ. ಶೀರ್ಷಿಕೆಗಳಲ್ಲಿ ಮಾತ್ರ ಸಿಕ್ಕಿತು. ಕಣ್ಣಿಗೆ ಪ್ರತಿ ಪುಟದಲ್ಲೂ ಕಾಣುವ ಪದ ಹುಡುಕಿದರೆ ಸಿಗುತ್ತಿಲ್ಲ. ಕಾಗುಣಿತ ಪರೀಕ್ಷೆ ಆನ್ ಮಾಡಿದರೆ ಹೆಚ್ಚುಕಡಿಮೆ ಪ್ರತಿ ಸಾಲಿನ ಕೆಳಗೂ ಕೆಂಪು ಗೆರೆ. ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತ್ತು. ಪಠ್ಯವನ್ನು ಬೇರೆ ಕಡತಕ್ಕೆ ಉಳಿಸಿ, ಅದರಲ್ಲಿ ಇಂಗ್ಲಿಷ್ ಕೀಲಿಮಣೆಯಲ್ಲಿ ಇಲ್ಲದ ಅಕ್ಷರಗಳು ಯಾವುವು, ಎಷ್ಟಿವೆ ಎಂದು ಎಣಿಸಿದೆ:

```python
import unicodedata
t = open("paper.txt", encoding="utf-8").read()
for ch in sorted(set(t)):
    if ord(ch) > 127:
        print(hex(ord(ch)), unicodedata.name(ch, "?"), t.count(ch))
```

`CYRILLIC SMALL LETTER IE` ಎಂಬ ಸಾಲಿನ ಮುಂದೆ ಸುಮಾರು 4,000 ಎಂದು ಬಂತು. ಇದು ರಷ್ಯನ್ ಬರೆಯುವ ಸಿರಿಲಿಕ್ ಲಿಪಿಯ ಅಕ್ಷರ. ನೋಡಲು ಇಂಗ್ಲಿಷಿನ `e` ಥರವೇ ಇರುತ್ತದೆ, ಆದರೆ ಯೂನಿಕೋಡ್ ಸಂಕೇತ ಬೇರೆ. ನಮ್ಮ `e` U+0065, ಅದು U+0435. ಶೀರ್ಷಿಕೆಗಳನ್ನು ಬಿಟ್ಟು ಉಳಿದ `e`ಗಳನ್ನೆಲ್ಲ ಯಾರೋ ಒಂದೇ ಸಲ ಬದಲಿಸಿದ್ದರು. ತಪಾಸಣೆಯ ತಂತ್ರಾಂಶ ಪದಗಳನ್ನು ಸಾಲಾಗಿ ತೆಗೆದುಕೊಂಡು ಹೋಲಿಸುತ್ತದೆ. ಒಂದು ಅಕ್ಷರ ಬದಲಾದರೂ ಅದಕ್ಕೆ ಆ ಪದ ಹೊಸದು. ಹಾಗಾಗಿ ಗ್ರಂಥಸೂಚಿಯೂ ಹೊಂದಲಿಲ್ಲ.

ಅಕ್ಷರಗಳನ್ನು ಮೂಲಕ್ಕೆ ತಿರುಗಿಸಿ ಮತ್ತೆ ಹಾಕಿದಾಗ ಹೋಲಿಕೆ ಶೇ 31 ಬಂತು. ನನಗೆ ನಿಜಕ್ಕೂ ಬೇಸರವಾಗಿದ್ದು ಇಲ್ಲಿ. ಅದರಲ್ಲಿ ಬಹುಪಾಲು ಗ್ರಂಥಸೂಚಿ, ಉದ್ಧರಣ ಚಿಹ್ನೆ ಹಾಕದೆ ಬಿಟ್ಟ ಸಾಲುಗಳು, ವಿಧಾನದ ಅಧ್ಯಾಯದ ಎರಡು ಪುಟ. ಅಷ್ಟನ್ನು ತಿದ್ದಿ ತನ್ನಿ ಎಂದು ಮಾರ್ಗದರ್ಶಕರು ಹೇಳಬಹುದಿತ್ತು. ಚಿಹ್ನೆ ಬಿಟ್ಟುಹೋಯಿತು ಅಂದರೆ ನಂಬಬಹುದು. 4,000 ಅಕ್ಷರ ತಾವಾಗಿಯೇ ಬೇರೆ ಲಿಪಿಗೆ ಹೋದವು ಅಂದರೆ ಯಾರು ನಂಬುತ್ತಾರೆ? ಗೊತ್ತಿಲ್ಲದೆ ಆದ ತಪ್ಪು ಎಂದು ವಾದಿಸುವ ದಾರಿಯನ್ನೇ ಆ ಬದಲಾವಣೆ ಮುಚ್ಚಿಬಿಟ್ಟಿತು.

ಬಿಳಿ ಅಕ್ಷರದ ಕಥೆಯೂ ಇದೇ. ಪದಗಳ ನಡುವೆ ಖಾಲಿ ಜಾಗದ ಬದಲು ಬಿಳಿ ಬಣ್ಣದ ಅಕ್ಷರ ತುರುಕುತ್ತಾರೆ. ಓದುವವರಿಗೆ ಅದು ಖಾಲಿ ಜಾಗ, ತಂತ್ರಾಂಶಕ್ಕೆ ಇಡೀ ಪ್ಯಾರಾ ಒಂದೇ ಉದ್ದನೆಯ ಪದ. ಆದರೆ ಬಣ್ಣ ಬಿಳಿಯಾದರೂ ಅಕ್ಷರ ಕಡತದಲ್ಲೇ ಇರುತ್ತದೆ. ಪಠ್ಯವನ್ನಷ್ಟೇ ಹೊರತೆಗೆದರೆ ಬಚ್ಚಿಟ್ಟದ್ದೆಲ್ಲ ಸಾಲಿನಲ್ಲೇ ನಿಂತಿರುತ್ತದೆ. ಎಲ್ಲವನ್ನೂ ಆಯ್ದು ಅಕ್ಷರದ ಬಣ್ಣ ಕಪ್ಪು ಮಾಡಿದರೂ ಸಾಕು. ಟರ್ನಿಟಿನ್‌ನಂಥ ತಂತ್ರಾಂಶದ ವರದಿಯಲ್ಲಿ ಬಚ್ಚಿಟ್ಟ ಪಠ್ಯಕ್ಕೂ ಬದಲಿಸಿದ ಅಕ್ಷರಕ್ಕೂ ಪ್ರತ್ಯೇಕ ಎಚ್ಚರಿಕೆ ಗುರುತು ಇದೆ.

ಪ್ಯಾರಾವನ್ನು ಚಿತ್ರ ಮಾಡಿ ಅಂಟಿಸಿದವರನ್ನು ಪದಗಳ ಲೆಕ್ಕವೇ ಹಿಡಿದುಕೊಡುತ್ತದೆ. ಪುಟಕ್ಕೆ 300 ಪದ ಅಂದುಕೊಂಡರೆ 20 ಪುಟಕ್ಕೆ 6,000 ಇರಬೇಕು. ವರದಿಯಲ್ಲಿ 2,000 ಇದ್ದರೆ ಉಳಿದದ್ದು ಎಲ್ಲಿ ಹೋಯಿತು? ಮೌಸ್‌ನಿಂದ ಎಳೆದರೆ ಆ ಸಾಲುಗಳು ಆಯ್ಕೆಯಾಗುವುದಿಲ್ಲ. ದೊಡ್ಡದು ಮಾಡಿದರೆ ಅಂಚು ಮಸುಕಾಗುತ್ತದೆ. ಚಿತ್ರದಿಂದ ಅಕ್ಷರ ಓದುವ ತಂತ್ರಾಂಶಕ್ಕೆ ಕೊಟ್ಟು ಮತ್ತೆ ತಪಾಸಣೆಗೆ ಹಾಕುತ್ತೇವೆ.

ಇಷ್ಟಾದರೂ ಕಾಣದ ಅಕ್ಷರವೋ ಬೇರೆ ಲಿಪಿಯ ಅಕ್ಷರವೋ ಸಿಕ್ಕ ಕೂಡಲೇ ಮೋಸ ಎನ್ನಬಾರದು. ಇದನ್ನು ನನ್ನ ಜೊತೆ ಕೆಲಸ ಮಾಡುವವರಿಗೂ ಒತ್ತಿ ಹೇಳುತ್ತೇನೆ. ಕನ್ನಡದಲ್ಲಿ ‘ಸಾಫ್ಟ್‌ವೇರ್’ ಎಂದು ಬರೆಯಲು ‘ಫ್ಟ್’ ಮತ್ತು ‘ವೇ’ ನಡುವೆ U+200C ಎಂಬ ಅಗಲವಿಲ್ಲದ ಅಕ್ಷರ ಬೇಕು. ಇಲ್ಲದಿದ್ದರೆ ಅವೆರಡೂ ಒತ್ತಕ್ಷರವಾಗಿ ಅಂಟಿಕೊಳ್ಳುತ್ತವೆ. ಪಿಡಿಎಫ್‌ನಿಂದ ನಕಲಿಸಿದಾಗ ಕಾಣದ ಅಡ್ಡಗೆರೆ, U+00AD, ಜೊತೆಗೇ ಬರಬಹುದು. ರಷ್ಯನ್ ಪುಸ್ತಕದ ಹೆಸರಿದ್ದರೆ ಸಿರಿಲಿಕ್ ಇರುವುದು ಸಹಜ. ವ್ಯತ್ಯಾಸ ಗೊತ್ತಾಗುವುದು ಅಕ್ಷರ ಎಲ್ಲಿದೆ ಎಂಬುದರಿಂದ. ರಷ್ಯನ್ ಹೆಸರಿನಲ್ಲಿ ಇಡೀ ಪದ ಸಿರಿಲಿಕ್ ಆಗಿರುತ್ತದೆ. ಮೋಸದಲ್ಲಿ ಇಂಗ್ಲಿಷ್ ಪದದ ಮಧ್ಯೆ ಒಂದೆರಡು ಅಕ್ಷರ ಬೇರೆಯಾಗಿರುತ್ತದೆ.

ಕೆಲವು ವಿದ್ಯಾರ್ಥಿಗಳಿಗೆ ತಮ್ಮ ಕಡತಕ್ಕೆ ಹೀಗಾಗಿದೆ ಎಂದೇ ಗೊತ್ತಿರುವುದಿಲ್ಲ. ಹೋಲಿಕೆ ಇಳಿಸಿಕೊಡುತ್ತೇವೆ ಎಂದವರಿಗೆ ದುಡ್ಡು ಕೊಟ್ಟಿರುತ್ತಾರೆ. ಆ ಕಡತ ವಾಪಸ್ ಬಂದಾಗ ಪುಟದಲ್ಲಿ ಕಣ್ಣೆದುರೇ ಇರುವ ಸಾಮಾನ್ಯ ಪದವೊಂದನ್ನು ಹುಡುಕಿ ನೋಡಿ. ಸಿಗದಿದ್ದರೆ ಅದನ್ನು ಸಲ್ಲಿಸಬೇಡಿ. ನಿಮ್ಮ ಮೂಲ ಕಡತಕ್ಕೆ ಹಿಂತಿರುಗಿ, ಹೋಲಿಕೆ ಬಂದ ಸಾಲುಗಳನ್ನು ನೀವೇ ತಿದ್ದಿ, ಮಾರ್ಗದರ್ಶಕರಿಗೆ ತೋರಿಸಿ.